ಗೀಸರ್ ಹಾಕಿದರೆ ಅಡುಗೆಮನೆ ಲೈಟ್ ಮಂಕು, ಹಾಲ್‌ನಲ್ಲಿ 300 ವೋಲ್ಟ್

ತಿಪಟೂರು_ಮನೆ: ನಮ್ಮದು ತ್ರೀ ಫೇಸ್ ಸಂಪರ್ಕ. ಗೀಸರ್ ಹಾಕಿದ ತಕ್ಷಣ ಅಡುಗೆಮನೆ ಲೈಟ್ ಮಂಕಾಗುತ್ತದೆ, ಹಾಲ್‌ನ ಫ್ಯಾನ್ ಜೋರಾಗಿ ತಿರುಗುತ್ತದೆ. ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಸುಟ್ಟೇ ಹೋಯಿತು. ಎಲೆಕ್ಟ್ರಿಷಿಯನ್ ಅಳೆದಾಗ ಗೀಸರ್ ಇರುವ ಫೇಸ್‌ನಲ್ಲಿ 130, ಉಳಿದೆರಡರಲ್ಲಿ 300 ಮತ್ತು 286. ಫೇಸ್‌ನಿಂದ ಫೇಸ್‌ಗೆ ಎಲ್ಲ ಕಡೆ 400. ಲೈನ್‌ಮನ್ ಬಂದು, ಮೈನ್ ಆಫ್ ಮಾಡಿ ಅಳೆದು, 230 ಬರ್ತಿದೆ, ಸಪ್ಲೈ ಸರಿಯಿದೆ ಎಂದು ಹೋದರು.

ಕರೆಂಟ್_ಪ್ರಿಯ: ನ್ಯೂಟ್ರಲ್ ಲೂಸ್ ಆಗಿದೆ ಸರ್. ಸದ್ಯಕ್ಕೆ ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ ಒಂದು ವೈರ್ ಎಳೆದುಬಿಡಿ, ಸರಿಹೋಗುತ್ತದೆ.

ಹಳೇ_ವೈರ್‌ಮನ್: ನ್ಯೂಟ್ರಲ್ ಲೂಸ್ ಅನ್ನೋದು ನಿಜ. ಆದರೆ ಆ ವೈರ್ ಮಾತ್ರ ದಯವಿಟ್ಟು ಬೇಡ. ಗೀಸರ್ 8-9 ಆಂಪ್ಸ್ ಎಳೆಯುತ್ತದೆ. ನಿಮ್ಮ ಅರ್ಥ್ ಗುಂಡಿ 10 ಓಮ್ ಇದ್ದು ಕರೆಂಟ್ ಸ್ವಲ್ಪ ಇಳಿದರೂ ಫ್ರಿಜ್, ವಾಷಿಂಗ್ ಮಷಿನ್ ಮೈಯಲ್ಲೆಲ್ಲ 60 ವೋಲ್ಟ್ ಹತ್ತಿರ ಬರುತ್ತದೆ. ಮುಟ್ಟಿದವರ ಗತಿ?

ತಿಪಟೂರಿನವರೇ, ಮೊದಲು ಮೈನ್ ಆಫ್ ಮಾಡಿ. ಗೀಸರ್ ಕರೆಂಟ್ ನ್ಯೂಟ್ರಲ್‌ನಲ್ಲಿ ಸರಿಯಾಗಿ ವಾಪಸ್ ಹೋಗದೆ ಉಳಿದ ಫೇಸ್‌ಗಳ ಸಾಮಾನುಗಳ ಮೂಲಕ ದಾರಿ ಹುಡುಕುತ್ತಿದೆ. ಎಂಸಿಬಿ ಇದಕ್ಕೆ ಬೀಳುವುದಿಲ್ಲ, ಅದು ನೋಡೋದು ಆಂಪ್ಸ್ ಮಾತ್ರ. ಲೋಡ್ ಇಲ್ಲದೆ ಅಳೆದರೆ ಸುಟ್ಟ ಜಾಯಿಂಟೂ 230 ತೋರಿಸುತ್ತದೆ. ಲೈನ್‌ಮನ್‌ಗೆ ಕಂಡದ್ದು ಅದೇ.

ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ. ಟಿವಿ, ಫ್ರಿಜ್, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತಿಡಲಿ. ಉಳಿದ ಎರಡು ಫೇಸ್‌ಗೆ ಒಂದೊಂದು ಹಳೇ ಬಲ್ಬ್ ಸಾಕು. ಗೀಸರ್ ಒಂದು ನಿಮಿಷ ಹಾಕಿ ಮೈನ್ ಸ್ವಿಚ್‌ನ ಒಳಬರುವ ಕಡೆ, ಹೊರಹೋಗುವ ಕಡೆ ಎರಡೂ ಅಳೆಯಲಿ. ಒಳಬರುವ ಕಡೆ 230 ಇದ್ದು ಹೊರಗೆ ಮಾತ್ರ ಏರುಪೇರಾದರೆ ತಪ್ಪು ನಿಮ್ಮ ಸ್ವಿಚ್‌ನದು. ಒಳಬರುವ ಕಡೆಯೇ ಏರುಪೇರಾದರೆ ಮೀಟರ್ ಅಥವಾ ಕಂಬದ್ದು. ಆಗ 1912ಕ್ಕೆ ಫೋನ್ ಮಾಡಿ, ಗೀಸರ್ ಹಾಕಿಯೇ ಅಳೆಯಿರಿ ಎಂದು ಕೇಳಿ. ಮೀಟರ್ ಸೀಲ್ ನೀವು ಮುಟ್ಟಬೇಡಿ.

ಹಾಸನದ_ಅಕ್ಕ: ನಮ್ಮ ಮನೆಯಲ್ಲೂ ಸಂಜೆ ಎಲ್ಲ ಲೈಟೂ ಮಂಕು. ಸಿಂಗಲ್ ಫೇಸ್. ಇದೂ ಅದೇನಾ?

ಹಳೇ_ವೈರ್‌ಮನ್: ಅಕ್ಕ, ಎಲ್ಲವೂ ಒಟ್ಟಿಗೆ ಮಂಕಾದರೆ ಜಾಸ್ತಿ ಅನುಮಾನ ಬೀದಿಯ ಲೋಡ್ ಮೇಲೆ. ನಿಮ್ಮೊಬ್ಬರ ನ್ಯೂಟ್ರಲ್ ಲೂಸ್ ಆದರೆ ವೋಲ್ಟೇಜ್ ಇಳಿಯುತ್ತದೆ, ಏರುವುದಿಲ್ಲ. ಬೀದಿ ಲೈನ್‌ನ ನ್ಯೂಟ್ರಲ್ ಕಡಿದರೆ ಮಾತ್ರ ಸಿಂಗಲ್ ಫೇಸ್ ಮನೆಗೂ 300 ದಾಟಬಹುದು.

ತಿಪಟೂರು_ಮನೆ: ಒಳಬರುವ ಕಡೆಯೇ ಏರುಪೇರು ಇತ್ತು. ಕಂಬದ ಮೇಲೆ ಸರ್ವಿಸ್ ವೈರ್‌ನ ಅಲ್ಯೂಮಿನಿಯಂ ನ್ಯೂಟ್ರಲ್ ಸುಮ್ನೆ ತಿರುವಿ ಸುತ್ತಿದ್ದರಂತೆ. ಕಪ್ಪಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಕತ್ತರಿಸಿ ಕ್ಲ್ಯಾಂಪ್ ಹಾಕಿದರು. ಈಗ ಗೀಸರ್ ಹಾಕಿದರೂ 226, 231, 233. ಆದರೆ ಫ್ರಿಜ್ ಕಂಪ್ರೆಸರ್ ಶಬ್ದ ಮೊದಲಿಗಿಂತ ಗಡುಸಾಗಿದೆ. ಇದೂ ಹೊಡೆತ ತಿಂದಿರಬಹುದಾ?

ಕರೆಂಟ್_ಪ್ರಿಯ: ಸ್ಟೆಬಿಲೈಸರ್ ಇತ್ತಾ?

ತಿಪಟೂರು_ಮನೆ: ಇಲ್ಲ.