ಮೈಯಲ್ಲಿ ಜ್ವರ, ಉಂಗುರದಲ್ಲಿ ಇಳಿಕೆ: ಅನುಭವ ಹಂಚಿಕೊಳ್ಳಿ

ಪ್ರಶ್ನೆ: “ಬೆಳಗಿನ ಜಾವ ನಾಲ್ಕು ಗಂಟೆಗೆ ಚಳಿಯಿಂದ ನಡುಗುತ್ತ ಎದ್ದೆ. ಬಾಯಲ್ಲಿಟ್ಟ ಥರ್ಮಾಮೀಟರ್ 38.4 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಮಲಗಿದಾಗ ಬೆರಳಿನ ಉಷ್ಣತೆ ಅಳೆಯುವ ನನ್ನ ಸ್ಮಾರ್ಟ್ ಉಂಗುರದ ಆ್ಯಪ್ ಮಾತ್ರ ಆ ರಾತ್ರಿಗೆ −0.3 ಡಿಗ್ರಿ ಎಂದಿದೆ. ಉಂಗುರ ಕೆಟ್ಟಿದೆಯೇ?”

ವಾಚ್ ಬಳಸುವವರೊಬ್ಬರು:
ಕೆಟ್ಟಿರಲಾರದು. ಚರ್ಮವು ಒಳಮೈಗಿಂತ ತಣ್ಣಗಿರುತ್ತದೆ. ನನ್ನ ವಾಚ್ ನೇರವಾಗಿ ಡಿಗ್ರಿಯನ್ನೇ ತೋರಿಸುತ್ತದೆ. ಅದಕ್ಕೆ ಮೂರು ಡಿಗ್ರಿ ಕೂಡಿಸಿಕೊಂಡು ನಾನು ಜ್ವರವನ್ನು ಅಂದಾಜು ಮಾಡುತ್ತೇನೆ. ಈವರೆಗೆ ಹೆಚ್ಚು ತಪ್ಪಿಲ್ಲ.

ಉಷ್ಣತಾ ಸಂವೇದಕಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವವರು:
ಚರ್ಮ ತಣ್ಣಗಿರುತ್ತದೆ ಎಂಬುದು ನಿಜ, ಆದರೆ ಆ ಮೂರು ಡಿಗ್ರಿ ಸ್ಥಿರವಾಗಿರುವುದಿಲ್ಲ. ಜ್ವರ ಏರುವ ಹೊತ್ತಿನಲ್ಲಿ ದೇಹವು ಶಾಖವನ್ನು ಒಳಗೇ ಉಳಿಸಿಕೊಳ್ಳಲು ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಆದ್ದರಿಂದಲೇ ಒಳಮೈ ಸುಡುತ್ತಿದ್ದರೂ ಬೆರಳುಗಳು ತಣ್ಣಗಾಗಿ ನಡುಕ ಬರುತ್ತದೆ. ನಿಮ್ಮ ಉಂಗುರ ಅಳೆದದ್ದು ಆ ತಣ್ಣನೆಯ ಬೆರಳನ್ನೇ, ಅದೂ ಸರಿಯಾಗಿಯೇ. ಜೊತೆಗೆ −0.3 ಎಂಬುದು ನಾಲ್ಕು ಗಂಟೆಯ ಅಳತೆಯಲ್ಲ. ಇಡೀ ರಾತ್ರಿಯ ಅಳತೆಗಳನ್ನು ಒಟ್ಟುಗೂಡಿಸಿ, ನಿಮ್ಮ ಹಿಂದಿನ ರಾತ್ರಿಗಳ ವಾಡಿಕೆಯ ಮಟ್ಟದೊಂದಿಗೆ ಹೋಲಿಸಿದಾಗ ಉಳಿಯುವ ವ್ಯತ್ಯಾಸ. ಜ್ವರ ಬರುವ ಮುಂಚಿನ ಗಂಟೆಗಳೂ ಅದರಲ್ಲಿ ಸೇರಿವೆ. ಆ್ಯಪ್‌ನಲ್ಲಿ ರಾತ್ರಿಯ ಉಷ್ಣತೆಯ ರೇಖೆ ಸಿಗುವುದಾದರೆ ಮೂರೂವರೆಯ ಸುಮಾರಿಗೆ ಅದು ಕೆಳಗೆ ಬಾಗಿದೆಯೇ ನೋಡಿ.

ಇನ್ನೊಬ್ಬರು:
ನನ್ನ ಉಂಗುರ ಮುಟ್ಟಿನ ಚಕ್ರದ ಎರಡನೆಯ ಅರ್ಧದಲ್ಲಿ, ಅಂಡ ಬಿಡುಗಡೆಯಾದ ಮೇಲೆ, ಸುಮಾರು 0.4 ಏರಿಕೆ ತೋರಿಸಿ, ಮುಟ್ಟು ಬರುವಾಗ ಇಳಿಯುತ್ತದೆ. ನಿಮ್ಮ −0.3 ಕೂಡ ಅದೇ ಇರಬಹುದಲ್ಲವೇ?

ಪ್ರಶ್ನೆ ಕೇಳಿದವರು:
ನಾನು ಗಂಡಸು, ಆದ್ದರಿಂದ ಆ ಕಾರಣ ಅನ್ವಯಿಸದು. ರೇಖೆಯನ್ನು ನೋಡಿದೆ, ಮೂರೂವರೆಯಿಂದ ನಿಜಕ್ಕೂ ಇಳಿದಿದೆ. ಆದರೆ ಮರುರಾತ್ರಿ ಉಂಗುರ +1.1 ಎಂದಿತು, ಬೆಳಿಗ್ಗೆ ಥರ್ಮಾಮೀಟರ್ 37.0 ತೋರಿಸಿತು. ಈಗ ತಿರುಗುಮುರುಗಾಗಿದೆ.

ಸಂವೇದಕ ಪರೀಕ್ಷಿಸುವವರು:
ಜ್ವರ ಇಳಿಯುವಾಗ ರಕ್ತನಾಳಗಳು ಹಿಗ್ಗಿ, ಶಾಖ ಚರ್ಮದ ಮೂಲಕ ಹೊರಹೋಗುತ್ತದೆ, ಬೆವರೂ ಬರುತ್ತದೆ. ಬೆರಳು ಬೆಚ್ಚಗಾಗುವುದು ಆಗಲೇ. ಆದರೆ ಕೈ ಹೊದಿಕೆಯೊಳಗೆ ಇದ್ದರೂ, ರಾತ್ರಿಯ ಮೊದಲ ಭಾಗದಲ್ಲಿ ಜ್ವರ ಇನ್ನೂ ಇದ್ದಿದ್ದರೂ ಇದೇ ಏರಿಕೆ ಕಾಣಬಹುದು. ಆ ಒಂದು ಅಂಕಿಯಿಂದ ಇವನ್ನು ಬೇರ್ಪಡಿಸಲಾಗದು. ಹೊದಿಕೆ ಹೇಗಿತ್ತು, ನೆನಪಿದೆಯೇ?

ಪ್ರಶ್ನೆ ಕೇಳಿದವರು:
ದಪ್ಪ ಕಂಬಳಿ ಹೊದ್ದಿದ್ದೆ, ಬೆಳಿಗ್ಗೆ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಔಷಧಿಯ ನಿರ್ಧಾರಕ್ಕೆ ಇನ್ನು ಥರ್ಮಾಮೀಟರನ್ನೇ ನಂಬುತ್ತೇನೆ. ನಾಳೆಯ ರಾತ್ರಿಯ ರೇಖೆಯನ್ನು ಇಲ್ಲಿಯೇ ತಿಳಿಸುತ್ತೇನೆ.