ಮೂರು ಸ್ಟ್ರಿಪ್, ಒಂದೇ ಔಷಧ

“ಅತ್ತೆ, ಅಪ್ಪನಿಗೆ ಮೂರು ದಿನದಿಂದ ಜ್ವರ, ನೆಗಡಿ, ಮೈಕೈ ನೋವು. ದಿನಕ್ಕೆ ನಾಲ್ಕು ಡೋಲೋ, ಮೂರು ನೆಗಡಿ ಮಾತ್ರೆ, ಎರಡು ನೋವಿನ ಮಾತ್ರೆ ತಗೋತಿದ್ದಾರೆ. ಊಟ ಸೇರ್ತಿಲ್ಲ, ಆದ್ರೂ ರಾತ್ರಿ ಕ್ವಾರ್ಟರ್ ಮಾತ್ರ ತಪ್ಪಿಸಿಲ್ಲ. ದಿನಕ್ಕೆ ಎಷ್ಟು ಮಾತ್ರೆವರೆಗೂ ಸೇಫ್? ಸ್ಟ್ರಿಪ್ ಫೋಟೋ ಹಾಕಿದೀನಿ.”

ಪುಟ್ಟ, ಫೋಟೋ ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತ ಕೂತರೆ ತಡವಾಗುತ್ತದೆ ಎಂದು ಮನೆಯ ಗ್ರೂಪ್‌ಗೆ ಬಾಯಲ್ಲೇ ಹೇಳಿ ಕಳುಹಿಸುತ್ತಿದ್ದೇನೆ. ಮೊದಲು ಮಾಡಬೇಕಾದ ಕೆಲಸ, ಕಾರಣ ಆಮೇಲೆ. ಆ ಮೂರು ಸ್ಟ್ರಿಪ್‌ಗಳಲ್ಲಿ ಯಾವುದನ್ನೂ ಅಣ್ಣನಿಗೆ ಇನ್ನು ಕೊಡಬೇಡ, ನಾಳೆ ಬೆಳಗ್ಗೆ ನೋಡೋಣ ಎನ್ನದೆ ಇವತ್ತೇ ಲ್ಯಾಬ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗು, ಹೋಗುವಾಗ ಸ್ಟ್ರಿಪ್‌ಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗು.

ಈಗ ಲೆಕ್ಕ ಹೇಳುತ್ತೇನೆ. ಡೋಲೋ ಸ್ಟ್ರಿಪ್‌ನ ಮೇಲಿರುವ 650 ಎಂಬುದು ಒಂದು ಮಾತ್ರೆಯಲ್ಲಿರುವ ಪ್ಯಾರಸಿಟಮಾಲ್‌ನ ಮಿಲಿಗ್ರಾಂ. ನಾಲ್ಕಕ್ಕೆ 2600 ಆಯಿತು. ನೆಗಡಿ ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಮೂಗು ಬಿಡಿಸುವ ಫಿನೈಲೆಫ್ರಿನ್, ಸೀನು ತಡೆಯುವ ಕ್ಲೋರ್‌ಫೆನಿರಮಿನ್, ಅವುಗಳ ಜೊತೆಗೆ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಕೂಡ ಇದೆ, ಮೂರಕ್ಕೆ 1500. ಮೂರನೆಯದು ಮೆಡಿಕಲ್ ಶಾಪಿನವರು ಕತ್ತರಿಯಿಂದ ಕತ್ತರಿಸಿ ಕೊಟ್ಟ ತುಂಡು. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿದೆ. ತುದಿಯಲ್ಲಿ ಐಬುಪ್ರೊಫೆನ್ 400, ಅದರ ಕೆಳಗೆ ಪ್ಯಾರಸಿಟಮಾಲ್ 325 ಎಂದು ಅರ್ಧಂಬರ್ಧ ಕಾಣುತ್ತಿದೆ. ಎರಡಕ್ಕೆ 650. ಎಲ್ಲ ಕೂಡಿಸಿದರೆ ದಿನಕ್ಕೆ 4750 ಮಿಲಿಗ್ರಾಂ, ಅಂದರೆ ನಾಲ್ಕೂಮುಕ್ಕಾಲು ಗ್ರಾಂ, ಅದೂ ಮೂರು ದಿನ. ಜ್ವರಕ್ಕೊಂದು, ನೆಗಡಿಗೊಂದು, ನೋವಿಗೊಂದು ಎಂದು ಅಣ್ಣ ನುಂಗಿದ್ದು ಮೂರು ಬಗೆಯ ಮಾತ್ರೆಗಳನ್ನು, ಆದರೆ ಮೂರರ ಒಳಗೂ ಇದ್ದದ್ದು ಒಂದೇ ಔಷಧ. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಂಡ ಹೆಚ್ಚಿನ ಪ್ಯಾರಸಿಟಮಾಲ್ ಮಿತಿಮೀರಿಕೆಗಳು ಹೀಗೆಯೇ, ಯಾರಿಗೂ ತಿಳಿಯದೆ ಆದವು.

ನೀನು ಕೇಳಿದ ಮಿತಿ ಎಂದರೆ, ಆರೋಗ್ಯವಾಗಿರುವ, 50 ಕಿಲೋಗ್ರಾಂಗಿಂತ ಹೆಚ್ಚು ತೂಕವಿರುವ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ. ಅಂದರೆ 500ರ ಮಾತ್ರೆಯಾದರೆ ಎಂಟು, 650ರದ್ದಾದರೆ ಆರು. ಒಂದು ಸಲ ತೆಗೆದುಕೊಂಡು ಮತ್ತೆ ತೆಗೆದುಕೊಳ್ಳುವ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು. ಇದು ದಾಟಬಾರದ ಗೆರೆಯೇ ಹೊರತು ದಿನವೂ ಮುಟ್ಟಬೇಕಾದ ಗುರಿಯಲ್ಲ. ಅಣ್ಣನಿಗೆ ಈ ಗೆರೆಯೂ ಅನ್ವಯಿಸುವುದಿಲ್ಲ. ಕಳೆದ ತಿಂಗಳು ನಮ್ಮ ಮನೆಗೆ ಬಂದಾಗ ಅವರ ತೂಕ 49 ಕಿಲೋ ಇತ್ತು, ನಿತ್ಯ ಕುಡಿಯುತ್ತಾರೆ, ಈಗ ಊಟವೂ ಇಲ್ಲ. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ಮೀರಲು ಬಿಡುವುದಿಲ್ಲ. ಅಣ್ಣ ಅದರ ಎರಡು ಪಟ್ಟಿಗಿಂತ ಹೆಚ್ಚು ತೆಗೆದುಕೊಂಡಿದ್ದಾರೆ.

ಕುಡಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಅಣ್ಣ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನುಂಗಿದ ಪ್ಯಾರಸಿಟಮಾಲ್‌ನಲ್ಲಿ ಹೆಚ್ಚಿನ ಪಾಲನ್ನು ಲಿವರ್ ನಿರಪಾಯಕಾರಿಯಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಗೆ ಕಳುಹಿಸುತ್ತದೆ. ಉಳಿದ ಸಣ್ಣ ಪಾಲು ಲಿವರ್‌ನ ಒಂದು ಕಿಣ್ವದ ಕೈಗೆ ಸಿಕ್ಕಿ ವಿಷವಾಗುತ್ತದೆ. ಆ ವಿಷ ಹುಟ್ಟಿದ ಕೂಡಲೇ ಅದನ್ನು ಹಿಡಿದು ಸುಮ್ಮನಾಗಿಸುವುದು ಲಿವರ್ ತಾನೇ ಕೂಡಿಟ್ಟುಕೊಂಡಿರುವ ಗ್ಲುಟಾಥಯೋನ್ ಎಂಬ ವಸ್ತು. ಎಲ್ಲಿಯವರೆಗೆ ಈ ದಾಸ್ತಾನು ಇರುತ್ತದೆಯೋ ಅಲ್ಲಿಯವರೆಗೆ ತೊಂದರೆಯಿಲ್ಲ; ಅದು ಬರಿದಾದ ಮೇಲೆ ಹುಟ್ಟುವ ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲುತ್ತದೆ. ನಿತ್ಯದ ಕುಡಿತ ಆ ಕಿಣ್ವವನ್ನು ಹೆಚ್ಚಿಸುತ್ತದೆ ಮತ್ತು ದಾಸ್ತಾನನ್ನು ಕರಗಿಸುತ್ತದೆ. ಸರಿಯಾಗಿ ಉಣ್ಣದಿದ್ದರೆ ಹೊಸ ದಾಸ್ತಾನು ತಯಾರಾಗುವುದೂ ಇಲ್ಲ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ರಕ್ತದಲ್ಲಿ ಮದ್ಯ ಇರುವಷ್ಟು ಹೊತ್ತು ಆ ಕಿಣ್ವ ಮದ್ಯವನ್ನು ಕರಗಿಸುವುದರಲ್ಲೇ ತೊಡಗಿರುತ್ತದೆ; ಮದ್ಯ ಇಳಿದ ಮೇಲೆ, ಅಂದರೆ ಮರುದಿನ, ಹೆಚ್ಚಾಗಿರುವ ಕಿಣ್ವ ಪೂರ್ತಿ ಪ್ಯಾರಸಿಟಮಾಲ್‌ನ ಮೇಲೆ ತಿರುಗುತ್ತದೆ. ಆದ್ದರಿಂದ “ರಾತ್ರಿ ಕುಡಿದದ್ದು, ಮಾತ್ರೆ ತೆಗೆದುಕೊಂಡದ್ದು ಬೆಳಗ್ಗೆ, ಎರಡೂ ಸೇರಲೇ ಇಲ್ಲವಲ್ಲ” ಎಂಬ ಅಣ್ಣನ ವಾದ ನಿಲ್ಲುವುದಿಲ್ಲ. ಎಂದೋ ಮದುವೆ ಮನೆಯಲ್ಲಿ ಒಂದು ಗ್ಲಾಸ್ ಕುಡಿದವರು ಮರುದಿನ ತಲೆನೋವಿಗೆ ಒಂದು ಮಾತ್ರೆ ನುಂಗಿದರೆ ನಾನು ಹೆದರಿಸುವುದಿಲ್ಲ. ನಿತ್ಯ ಕುಡಿಯುವವರ ಮಾತು ಬೇರೆ.

ಅಣ್ಣ ಎದ್ದು ಓಡಾಡುತ್ತಿದ್ದಾರೆ, ಕಣ್ಣು ಹಳದಿಯಾಗಿಲ್ಲ ಎಂದು ಕಾಯಬೇಡ. ಮೊದಲ ದಿನ ಏನೂ ಕಾಣದಿರಬಹುದು, ಅಥವಾ ಬರೀ ವಾಕರಿಕೆ, ವಾಂತಿ, ಸುಸ್ತು ಇರಬಹುದು, ಅದನ್ನು ನಾವು ಜ್ವರದ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಬಲಗಡೆ ಪಕ್ಕೆಲುಬಿನ ಕೆಳಗಿನ ನೋವು ಆಮೇಲೆ ಬರುತ್ತದೆ. ಕಣ್ಣು ಹಳದಿಯಾಗುವುದು, ಮಾತು ತೊದಲುವುದು, ವಸಡಿನಲ್ಲಿ ರಕ್ತ ಇವೆಲ್ಲ ಕಾಣುವ ಹೊತ್ತಿಗೆ ಲಿವರ್ ಬಹಳಷ್ಟು ಕೆಟ್ಟಿರುತ್ತದೆ. ಅದಕ್ಕೆ ಮುಂಚೆಯೇ ರಕ್ತ ಪರೀಕ್ಷೆ ಹೇಳಿಬಿಡುತ್ತದೆ. ಲಿವರ್‌ಗೆ ಬಿದ್ದ ಪೆಟ್ಟನ್ನು ತೋರಿಸುವ ಎಸ್‌ಜಿಪಿಟಿ ಎಂಬ ಅಂಕಿ ಸಾಮಾನ್ಯವಾಗಿ ಸುಮಾರು 40ರ ಒಳಗಿರುತ್ತದೆ, ಪ್ಯಾರಸಿಟಮಾಲ್ ಪೆಟ್ಟು ಬಿದ್ದಾಗ ಅದು ಸಾವಿರಗಳಿಗೆ ಏರಬಲ್ಲದು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತೋರಿಸುವ ಐಎನ್‌ಆರ್ ಪರೀಕ್ಷೆಯನ್ನೂ ಮಾಡಿಸಬೇಕು. ರಕ್ತದಲ್ಲಿ ಪ್ಯಾರಸಿಟಮಾಲ್ ಮಟ್ಟ ಕಡಿಮೆ ಬಂದಿತೆಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ದಿನಗಟ್ಟಲೆ ಸ್ವಲ್ಪ ಸ್ವಲ್ಪ ಹೆಚ್ಚು ತೆಗೆದುಕೊಂಡವರಲ್ಲಿ ಔಷಧ ಇಳಿದುಹೋಗಿದ್ದರೂ ಪೆಟ್ಟು ಉಳಿದಿರುತ್ತದೆ. ಬೇಕೆನಿಸಿದರೆ ವೈದ್ಯರು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಕರಗಿಹೋದ ದಾಸ್ತಾನನ್ನು ಅದು ಮತ್ತೆ ತುಂಬುತ್ತದೆ. ಎಷ್ಟು ಬೇಗ ಶುರುವಾದರೆ ಅಷ್ಟು ಕೆಲಸ ಮಾಡುತ್ತದೆ.

ವೈದ್ಯರ ಮುಂದೆ ಕ್ವಾರ್ಟರ್ ವಿಷಯವನ್ನು ಅತ್ತಿಗೆ ಮುಚ್ಚಿಡದಂತೆ ನೋಡಿಕೋ. ಲಿವರ್‌ಗಾಗಿ ಮಾತ್ರವಲ್ಲ, ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು, ಅದಕ್ಕೆ ಅವರು ಮೊದಲೇ ಸಿದ್ಧರಿರಬೇಕು. ಮೂರು ದಿನದ ಜ್ವರವಾದ್ದರಿಂದ ಡೆಂಗ್ಯೂ ಪರೀಕ್ಷೆಯನ್ನೂ ಕೇಳು. ಅದು ಡೆಂಗ್ಯೂ ಆಗಿದ್ದರೆ ಆ ಕತ್ತರಿಸಿದ ತುಂಡಿನ ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಭಯವೂ ಇದೆ.

ಅಮೆರಿಕದಲ್ಲಿರುವ ನಮ್ಮ ಹುಡುಗರೂ ಇದನ್ನು ಕೇಳಿಸಿಕೊಳ್ಳುತ್ತಿರುತ್ತೀರಿ. ನಿಮ್ಮಲ್ಲಿ ಡಬ್ಬಿಯ ಮೇಲೆ ಅಸಿಟಮಿನೋಫೆನ್ ಎಂದಿರುತ್ತದೆ, ಅದು ಇದೇ. ಟೈಲೆನಾಲ್ ಮಾತ್ರೆ ನುಂಗಿ ರಾತ್ರಿ ನೆಗಡಿಗೆ ನೈಕ್ವಿಲ್ ಕುಡಿದರೆ ಎರಡರಲ್ಲೂ ಅದೇ ಇರುವುದರಿಂದ ಇದೇ ಲೆಕ್ಕ ಕೂಡಿಸಬೇಕು.

ಪುಟ್ಟ, ಲಿವರ್ ವರದಿ ಸರಿಯಿದ್ದು, ವೈದ್ಯರು ಜ್ವರಕ್ಕೆ ಮತ್ತೆ ಪ್ಯಾರಸಿಟಮಾಲ್ ಬರೆದರೆ ಇಡೀ ದಿನಕ್ಕೆ ಎಷ್ಟು ಎಂದು ಅವರನ್ನೇ ಕೇಳಿ ಬರೆಸಿಕೋ. 2 ಗ್ರಾಂ ಎಂದರೆ 650ರ ಮೂರು ಮಾತ್ರೆ, ಎಂಟು ಗಂಟೆಗೊಂದು, ಅಷ್ಟೇ. ನೆಗಡಿಗೆ ಹಬೆ ಮತ್ತು ಉಪ್ಪುನೀರಿನ ಹನಿ ಸಾಕು. ಈಗ ಫೋನ್ ಇಟ್ಟು ಹೊರಡು. ಎಸ್‌ಜಿಪಿಟಿ, ಐಎನ್‌ಆರ್ ಬಂದ ಕೂಡಲೇ ಫೋಟೋ ಹಾಕು, ನಾನು ಎಚ್ಚರವಾಗಿಯೇ ಇರುತ್ತೇನೆ.