‘ಪತ್ತೆ’ ಎನ್ನಬಹುದೇ, ‘ಸುಳಿವು’ ಎನ್ನಬೇಕೇ? ಇಯರ್‌ಬಡ್ ಆ್ಯಪ್‌ನ ಮೂರು ಮಾತುಗಳು

ಶಿವಮೊಗ್ಗದಿಂದ, ಪ್ರಶ್ನೆ:

ಮಾನ್ಯರೇ,

ಪರಿಚಯದವರ ಮೊಬೈಲ್ ಬಿಡಿಭಾಗಗಳ ಅಂಗಡಿಗಾಗಿ ವೈರ್‌ಲೆಸ್ ಇಯರ್‌ಬಡ್ ಕೊಂಡವರಿಗೆ ಕೊಡುವ ನಾಲ್ಕು ಪುಟಗಳ ಕನ್ನಡ ಕೈಪಿಡಿಯೊಂದನ್ನು ನಾನು ಬರೆದುಕೊಟ್ಟಿದ್ದೆ. ಅದರಲ್ಲಿನ ಮೂರು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ‘ಫರ್ಮ್‌ವೇರ್ ಅಪ್‌ಡೇಟ್’ ಎಂಬುದಕ್ಕೆ ‘ಸ್ಥಿರತಂತ್ರಾಂಶ ನವೀಕರಣ’ ಎಂದೂ, ‘ಈಕ್ವಲೈಜರ್’ ಎಂಬುದಕ್ಕೆ ‘ಸಮೀಕಾರಕ’ ಎಂದೂ, ಪರದೆಯ ಮೇಲೆ Last known location ಎಂದು ಕಾಣುವುದಕ್ಕೆ ‘ಕಳೆದ ಇಯರ್‌ಬಡ್ ಇರುವ ಸ್ಥಳ’ ಎಂದೂ ಬರೆದಿದ್ದೇನೆ.

ಮೂರನೆಯದರಿಂದ ಈಗಾಗಲೇ ಒಂದು ತೊಂದರೆಯಾಗಿದೆ. ಗ್ರಾಹಕರೊಬ್ಬರು ಸಂಜೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಹಾಡು ಕೇಳುವುದನ್ನು ನಿಲ್ಲಿಸಿ, ಎರಡೂ ಬಡ್‌ಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ, ತೀರ್ಥಹಳ್ಳಿಯ ಬಸ್ ಹತ್ತಿದರು. ಮರುದಿನ ಬೆಳಿಗ್ಗೆ ಡಬ್ಬಿ ಕಾಣಲಿಲ್ಲ. ಆ್ಯಪ್ ತೆರೆದರೆ ನಕ್ಷೆಯ ಚುಕ್ಕೆ ಶಿವಮೊಗ್ಗ ನಿಲ್ದಾಣದ ಮೇಲೆ ಕೂತಿತ್ತು. ನಮ್ಮ ಕೈಪಿಡಿಯಲ್ಲಿ ‘ಇರುವ ಸ್ಥಳ’ ಎಂದಿದ್ದುದನ್ನು ನಂಬಿ ಅವರು ಅರವತ್ತು ಕಿಲೋಮೀಟರಿನಷ್ಟು ಹಿಂದಿರುಗಿ ಬಂದು, ಬೆಂಚುಗಳ ಕೆಳಗೆಲ್ಲ ತಡಕಾಡಿ, ಕೊನೆಗೆ ಅಂಗಡಿಗೆ ಬಂದು ಮುನಿಸಿಕೊಂಡರು. ಡಬ್ಬಿ ತೀರ್ಥಹಳ್ಳಿಯ ಮನೆಯಲ್ಲಿ, ಅವರದೇ ಚೀಲದ ಹರಿದ ಒಳಪದರದೊಳಗೆ ಸಿಕ್ಕಿತು. ತಪ್ಪು ಆ್ಯಪ್‌ನದೋ ನನ್ನ ಕನ್ನಡದ್ದೋ ಎಂಬುದು ನನ್ನ ಸಂದೇಹ.

ಧಾರವಾಡದಿಂದ, ನಿವೃತ್ತ ಕನ್ನಡ ಅಧ್ಯಾಪಕರು:

‘ಸಮೀಕಾರಕ’ ಎಂದರೆ ಬೀಜಗಣಿತದ ಸಮೀಕರಣವೇ ನೆನಪಾಗುತ್ತದೆ, ಸಂಗೀತವಲ್ಲ. ನನ್ನ ಮೊಮ್ಮಗ ಆ್ಯಪ್‌ನ ಈಕ್ವಲೈಜರ್ ಪುಟವನ್ನು ತೆರೆದು ಗುಂಡಿಗಳನ್ನು ಮೇಲೆ ಕೆಳಗೆ ಜರುಗಿಸುವುದನ್ನು ನೋಡಿದ್ದೇನೆ. ತಂಬೂರಿಯ ಬಿರಡೆ ತಿರುಗಿಸಿ ಹದ ಮಾಡುವಂಥದೇ ಕೆಲಸ ಅದು. ಆದ್ದರಿಂದ ‘ಶ್ರುತಿ ಹೊಂದಿಕೆ’ ಎಂದರೆ ಕೇಳಿದ ಕೂಡಲೇ ಅರ್ಥವಾಗುತ್ತದೆ. ಬಾಸ್ ಎಂಬುದಕ್ಕೆ ಮಂದ್ರ, ಟ್ರೆಬಲ್ ಎಂಬುದಕ್ಕೆ ತಾರ ಎಂಬ ಪದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಇರುವುದನ್ನು ಬಿಟ್ಟು ಎರವಲಿಗೆ ಏಕೆ ಹೋಗಬೇಕು?

‘ಸ್ಥಿರತಂತ್ರಾಂಶ’ಕ್ಕೆ ನನ್ನ ಆಕ್ಷೇಪವಿಲ್ಲ. ಮೂಲದಲ್ಲಿಯೂ ‘ಫರ್ಮ್’ ಎಂದರೆ ಗಟ್ಟಿ, ಸ್ಥಿರ ಎಂದೇ ಅರ್ಥವಲ್ಲವೇ?

ಬೆಂಗಳೂರಿನಿಂದ, ಆಡಿಯೋ ಸಾಧನಗಳ ಪರೀಕ್ಷೆಯಲ್ಲಿ ಕೆಲಸ ಮಾಡುವವರು:

ಮೇಷ್ಟ್ರೇ, ‘ಸ್ಥಿರ’ ಎಂಬುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಜವಾದ ತೊಡಕು ಅಲ್ಲಿದೆ. ಫರ್ಮ್‌ವೇರ್ ಎಂಬ ಪದವನ್ನು 1967ರಲ್ಲಿ ಆಶರ್ ಓಪ್ಲರ್ ಎಂಬುವವರು ‘ಡೇಟಾಮೇಷನ್’ ಪತ್ರಿಕೆಯ ಲೇಖನವೊಂದರಲ್ಲಿ ಬಳಕೆಗೆ ತಂದರು. ಹಾರ್ಡ್‌ವೇರ್‌ನಷ್ಟು ಗಡುಸೂ ಅಲ್ಲದ, ಸಾಫ್ಟ್‌ವೇರ್‌ನಷ್ಟು ಮೆದುವೂ ಅಲ್ಲದ ನಡುವಿನ ವಸ್ತುವಿಗೆ ಅವರು ಇಟ್ಟ ಹೆಸರದು. ಅದು ಬದಲಾಗದು ಎಂಬ ಅರ್ಥ ಅದರಲ್ಲಿರಲಿಲ್ಲ. ‘ಸ್ಥಿರತಂತ್ರಾಂಶವನ್ನು ನವೀಕರಿಸಿ’ ಎಂದು ಓದಿದವನಿಗೆ, ಸ್ಥಿರವಾದದ್ದನ್ನು ಬದಲಿಸುವುದು ಹೇಗೆ ಎಂಬ ಪ್ರಶ್ನೆ ಬಂದರೆ ಅವನ ತಪ್ಪಲ್ಲ. ಇಯರ್‌ಬಡ್‌ನ ಮಟ್ಟಿಗೆ ಅದು ಬಡ್‌ನ ಒಳಗಿನ ಚಿಪ್ಪಿನಲ್ಲಿ ಕೂತು ಬ್ಲೂಟೂತ್ ಸಂಪರ್ಕ, ಸ್ಪರ್ಶಕ್ಕೆ ಓಗೊಡುವುದು, ಹೊರಗಿನ ಗದ್ದಲವನ್ನು ತಗ್ಗಿಸುವುದು ಇವನ್ನೆಲ್ಲ ನಡೆಸುವ ಪ್ರೋಗ್ರಾಂ. ‘ಬಡ್‌ನ ಒಳಗಿನ ತಂತ್ರಾಂಶ’ ಎಂದರೆ ಸಾಕು.

ಈಕ್ವಲೈಜರ್‌ನ ಹಿನ್ನೆಲೆ ‘ಸಮ’ದ ಪರವಾಗಿಯೇ ಇದೆ. ಉದ್ದದ ಟೆಲಿಫೋನ್ ತಂತಿಯಲ್ಲಿ ಮೇಲಿನ ಆವೃತ್ತಿಗಳು ಹೆಚ್ಚು ಸೊರಗುತ್ತಿದ್ದವು. ಸೊರಗಿದ್ದನ್ನು ಎತ್ತಿ ಉಳಿದವಕ್ಕೆ ಸರಿಗಟ್ಟಿಸುವ ವಿದ್ಯುನ್ಮಂಡಲಕ್ಕೆ ಆ ಹೆಸರು ಬಂತು. ಈಗ ನಾವು ಮಾಡುವುದು ಹೆಚ್ಚಾಗಿ ಅದರ ವಿರುದ್ಧ, ಅಂದರೆ ಸಮವಾಗಿ ಬರುತ್ತಿರುವುದನ್ನು ನಮ್ಮ ರುಚಿಗೆ ತಕ್ಕಂತೆ ಏರುಪೇರು ಮಾಡುವುದು. ಆದರೆ ‘ಶ್ರುತಿ’ಯನ್ನು ಮಾತ್ರ ಒಪ್ಪಲಾಗದು. ಬಿರಡೆ ತಿರುಗಿಸಿದರೆ ಸ್ವರದ ಸ್ಥಾನವೇ ಬದಲಾಗುತ್ತದೆ. ಈಕ್ವಲೈಜರ್‌ನ ಗುಂಡಿ ಜರುಗಿಸಿದರೆ ಸ್ವರ ಇದ್ದಲ್ಲೇ ಇರುತ್ತದೆ, ಆ ಗುಂಡಿಗೆ ಸೇರಿದ ಆವೃತ್ತಿಗಳ ಪಟ್ಟಿಯ ದನಿ ಮಾತ್ರ ಜೋರಾಗುತ್ತದೆ ಅಥವಾ ತಗ್ಗುತ್ತದೆ.

ಇನ್ನು ನಕ್ಷೆಯ ಚುಕ್ಕೆ. ಸಾಮಾನ್ಯ ಇಯರ್‌ಬಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ. ಬಡ್ ಮತ್ತು ಫೋನಿನ ಬ್ಲೂಟೂತ್ ಸಂಪರ್ಕ ಕಡಿದ ಗಳಿಗೆಯಲ್ಲಿ ಫೋನ್ ಎಲ್ಲಿತ್ತೋ ಆ ಸ್ಥಳವನ್ನು ಆ್ಯಪ್ ಬರೆದಿಟ್ಟುಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ಮುಚ್ಚಿದರೂ ಸಂಪರ್ಕ ಕಡಿಯುತ್ತದೆ. ಆ ಗ್ರಾಹಕರ ಆ್ಯಪ್ ತಪ್ಪೇನೂ ಹೇಳಿಲ್ಲ. ಅವರು ಮುಚ್ಚಳ ಹಾಕಿದ್ದು ನಿಲ್ದಾಣದಲ್ಲಿ, ಚುಕ್ಕೆಯೂ ಅಲ್ಲೇ ನಿಂತಿತು. ಆಮೇಲೆ ಡಬ್ಬಿ ಎಲ್ಲಿಗೆ ಪ್ರಯಾಣ ಮಾಡಿತೆಂಬುದು ಅದಕ್ಕೆ ತಿಳಿಯುವ ಮಾರ್ಗವೇ ಇರಲಿಲ್ಲ. ‘ಇರುವ’ ಎಂಬ ವರ್ತಮಾನ ಕೃದಂತವೇ ಅವರನ್ನು ಬಸ್ ಹತ್ತಿಸಿತು ಎನ್ನಬಹುದು.

ಹಾಸನದಿಂದ, ಗೃಹಿಣಿ ಹಾಗೂ ಅನುವಾದಕಿ:

ನನ್ನ ಅನುಭವವನ್ನೂ ಸೇರಿಸುತ್ತೇನೆ. ನನ್ನ ಎಡಗಿವಿಯ ಬಡ್ ಆಗಾಗ ಸದ್ದು ನಿಲ್ಲಿಸುತ್ತಿತ್ತು. ನವೀಕರಿಸಿದರೆ ಸರಿಹೋಗುತ್ತದೆ ಎಂದು ಮಗ ಹೇಳಿದ. ನಾನು ಪ್ಲೇ ಸ್ಟೋರ್‌ಗೆ ಹೋಗಿ ಆ್ಯಪ್ ಅನ್ನು ನವೀಕರಿಸಿದೆ, ಏನೂ ಬದಲಾಗಲಿಲ್ಲ. ಹೀಗೆಯೇ ಎರಡು ತಿಂಗಳು ಕಳೆದೆ. ಹಾಗಾದರೆ ನವೀಕರಣದಿಂದ ಏನೂ ಪ್ರಯೋಜನವಿಲ್ಲ ಎಂದು ಕೈಪಿಡಿಯಲ್ಲಿ ಎಚ್ಚರಿಸುವುದು ಒಳ್ಳೆಯದಲ್ಲವೇ?

ಬೆಂಗಳೂರಿನಿಂದ, ಮೊದಲಿನವರೇ:

ಮೇಡಂ, ತಾವು ನವೀಕರಿಸಿದ್ದು ಫೋನಿನಲ್ಲಿರುವ ಆ್ಯಪ್ ಅನ್ನು, ಬಡ್ ಅನ್ನಲ್ಲ. ಪ್ರಶ್ನೆ ಅದಾಗಿರಲಿಲ್ಲವಾದರೂ, ಕೈಪಿಡಿಗೆ ಬೇಕಾದ ಅತ್ಯುತ್ತಮ ಉದಾಹರಣೆಯನ್ನು ತಾವೇ ಕೊಟ್ಟಿದ್ದೀರಿ. ಒಂದೇ ‘ನವೀಕರಣ’ ಎರಡು ಬೇರೆ ಕೆಲಸಗಳಿಗೆ ನಿಂತಿದೆ. ಬಡ್‌ನ ತಂತ್ರಾಂಶವನ್ನು ನವೀಕರಿಸಲು ಆ್ಯಪ್ ಅನ್ನು ತೆರೆದು, ಸಾಧನದ ಸೆಟ್ಟಿಂಗ್ಸ್ ಒಳಗೆ Firmware Update ಅಥವಾ ಅದರಂಥ ಸಾಲನ್ನು ಒತ್ತಬೇಕು. ಆಗ ಫೋನ್ ಮೊದಲು ಹೊಸ ಕಡತವನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಬಳಿಕ ಅದನ್ನು ಬ್ಲೂಟೂತ್ ಮೂಲಕ ಬಡ್‌ಗಳಿಗೆ ನಿಧಾನವಾಗಿ ದಾಟಿಸುತ್ತದೆ. ಈ ಎರಡನೆಯ ಹಂತಕ್ಕೇ ಹತ್ತು ಇಪ್ಪತ್ತು ನಿಮಿಷ ಹಿಡಿಯಬಹುದು. ಹಲವರು ನಡುವೆ ಬೇಸತ್ತು ಮುಚ್ಚಳ ಮುಚ್ಚಿಬಿಡುತ್ತಾರೆ. ಹಲವು ಮಾದರಿಗಳಲ್ಲಿ ಹೊಸ ಆವೃತ್ತಿಯನ್ನು ಚಿಪ್ಪಿನ ಬೇರೊಂದು ಜಾಗದಲ್ಲಿ ಬರೆದು, ಸರಿಯಿದೆಯೆಂದು ಪರಿಶೀಲಿಸಿದ ಮೇಲೆಯೇ ಹಳೆಯದರಿಂದ ಹೊಸದಕ್ಕೆ ಹೊರಳಿಸುವುದರಿಂದ, ಹಾಗೆ ಕಡಿದುಹೋದರೂ ಹಳೆಯದು ಕೆಲಸ ಮಾಡುತ್ತಿರುತ್ತದೆ. ಆದರೆ ಎಲ್ಲ ಮಾದರಿಗಳೂ ಅಷ್ಟು ಜಾಣವಲ್ಲ. ಕೆಲಸ ನಡೆದಿದೆಯೇ ಎಂದು ತಿಳಿಯುವ ದಾರಿ ಒಂದೇ: ಮೊದಲು ಮತ್ತು ಆಮೇಲೆ ಆವೃತ್ತಿಯ ಸಂಖ್ಯೆಯನ್ನು ಓದಿಕೊಳ್ಳಬೇಕು, ಎಡ ಬಲ ಎರಡರದೂ ಒಂದೇ ಇರಬೇಕು.

ಆವೃತ್ತಿ ಎಂಬ ಪದ ಈ ಒಂದೇ ಚರ್ಚೆಯಲ್ಲಿ ಎರಡು ಅರ್ಥಗಳಲ್ಲಿ ಬಂದುಬಿಟ್ಟಿತು ಎಂದು ಈಗ ಗಮನಿಸುತ್ತಿದ್ದೇನೆ. ಭೌತಶಾಸ್ತ್ರದ ಆವೃತ್ತಿಯ ಜೊತೆಗೆ ತಂತ್ರಾಂಶದ ಆವೃತ್ತಿಯನ್ನೂ ಒಂದೇ ಕೈಪಿಡಿಯಲ್ಲಿ ಬರೆಯಬೇಡಿ ಎಂದು ಶಿವಮೊಗ್ಗದವರಲ್ಲಿ ವಿನಂತಿ. ಇನ್ನೊಂದು ಮಾತು, ಏರ್‌ಪಾಡ್ಸ್‌ನಂಥವುಗಳಲ್ಲಿ ಒತ್ತುವುದಕ್ಕೆ ಗುಂಡಿಯೇ ಇಲ್ಲ. ಚಾರ್ಜ್ ಆಗುತ್ತ ಐಫೋನಿನ ಹತ್ತಿರವಿದ್ದಾಗ ಅವು ತಾವಾಗಿಯೇ ನವೀಕರಣಗೊಳ್ಳುತ್ತವೆ. ಅಲ್ಲಿ ‘ನವೀಕರಿಸಿ’ ಎಂಬ ವಿಧ್ಯರ್ಥವೇ ಸುಳ್ಳಾಗುತ್ತದೆ.

ಮೈಸೂರಿನಿಂದ, ಹಾಡುಗಾರಿಕೆ ಕಲಿಸುವವರು:

ಮಂದ್ರ, ತಾರ ಎಂಬ ಸಲಹೆಯನ್ನು ಓದಿ ಸಂತೋಷವಾಯಿತು, ಆದರೆ ಅವು ಇಲ್ಲಿ ಒಗ್ಗುವುದಿಲ್ಲ. ಮಂದ್ರವೆಂಬುದು ಹಾಡುವವರ ಆಧಾರ ಷಡ್ಜಕ್ಕೆ ಹೊಂದಿಕೊಂಡ ಮಾತು. ಗಂಡುದನಿಯೊಂದರ ಷಡ್ಜ ಸುಮಾರು 140 ಹರ್ಟ್ಸ್ ಎಂದು ಹಿಡಿಯೋಣ, ಹೆಣ್ಣುದನಿಯೊಂದರದು 200. ಆಕೆಯ ಮಂದ್ರ ಪಂಚಮ 150ರ ಬಳಿ ಬೀಳುತ್ತದೆ, ಅಂದರೆ ಆತನ ಮಧ್ಯ ಷಡ್ಜಕ್ಕಿಂತಲೂ ಮೇಲೆ. ಆ್ಯಪ್‌ನ ಪಟ್ಟಿಗಳೋ ಎಲ್ಲರಿಗೂ ಒಂದೇ. ನನ್ನ ಆ್ಯಪ್‌ನ ಮೊದಲ ಗುಂಡಿಯ ಕೆಳಗೆ 60 ಎಂದು ಬರೆದಿದೆ, ಅಷ್ಟು ಕೆಳಗೆ ನಮ್ಮಲ್ಲಿ ಯಾರೂ ಹಾಡುವುದಿಲ್ಲ.

ನನ್ನ ವಿದ್ಯಾರ್ಥಿಗಳೆಲ್ಲ ‘ಬಾಸ್ ಜಾಸ್ತಿಯಾಯಿತು’ ಎಂದೇ ಹೇಳುತ್ತಾರೆ. ಸಿದ್ಧಪಡಿಸಿಟ್ಟ ‘ಬಾಸ್ ಬೂಸ್ಟ್’ ಇಟ್ಟುಕೊಂಡು ಕಚೇರಿಯ ಧ್ವನಿಮುದ್ರಣ ಕೇಳಿದವನೊಬ್ಬ, ಮೃದಂಗದ ಎಡದ ಬದಿ ಒಡೆದಂತೆ ಕೇಳಿಸುತ್ತದೆ, ಮುದ್ರಣವೇ ಕೆಟ್ಟಿದೆ ಎಂದು ದೂರಿದ. ಪ್ರೀಸೆಟ್ ತೆಗೆಸಿದ ಕೂಡಲೇ ಸರಿಯಾಯಿತು. ಇದೇಕೆ ಎಂದು ಬೆಂಗಳೂರಿನವರು ಹೇಳಬೇಕು.

ಬೆಂಗಳೂರಿನಿಂದ:

6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಎರಡು ಪಟ್ಟಾಗುತ್ತದೆ. ಮುದ್ರಣ ಮೊದಲೇ ತುಂಬಿದ ಕೊಡದಂತಿದ್ದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಅದೇ ಒಡಕಾಗಿ ಕೇಳಿಸುತ್ತದೆ. ಬೇಕಾದದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ, ವಾಲ್ಯೂಮ್ ಹೆಚ್ಚಿಸಿಕೊಂಡರೆ ಒಡಕು ಬರುವುದು ಕಡಿಮೆ. ಪ್ರೀಸೆಟ್ ಎಲ್ಲಿ ಉಳಿಯುತ್ತದೆ ಎಂಬುದನ್ನೂ ಕೈಪಿಡಿಯಲ್ಲಿ ಹೇಳಬೇಕು. ಕೆಲವು ಮಾದರಿಗಳಲ್ಲಿ ಅದು ಬಡ್‌ನಲ್ಲೇ ಉಳಿಯುತ್ತದೆ, ಕೆಲವದರಲ್ಲಿ ಫೋನಿನಲ್ಲಿ ಮಾತ್ರ. ಪ್ರೀಸೆಟ್ ಬದಲಿಸಿ, ಅದೇ ಬಡ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಅದೇ ಹಾಡು ಕೇಳಿದರೆ ಗೊತ್ತಾಗುತ್ತದೆ.

ಧಾರವಾಡದಿಂದ:

ಶ್ರುತಿಯನ್ನು ಹಿಂತೆಗೆದುಕೊಂಡಿದ್ದೇನೆ. ಸ್ಥಿರವನ್ನೂ. ಆದರೆ ನಕ್ಷೆಯ ವಿಷಯದಲ್ಲಿ ಒಂದು ಮಾತು. ‘ಪತ್ತೆ’ ಎಂದರೆ ಸಿಕ್ಕಿದಂತೆಯೇ. ಪೊಲೀಸರು ಪತ್ತೆ ಹಚ್ಚಿದರು ಎಂದರೆ ಕಳ್ಳ ಕೈಗೆ ಬಂದಿದ್ದಾನೆ. ‘ಸುಳಿವು’ ಹಾಗಲ್ಲ. ಸುಳಿವು ಸಿಕ್ಕ ಮೇಲೂ ಹುಡುಕುವ ಕೆಲಸ ಬಾಕಿಯಿರುತ್ತದೆ. ‘ಕೊನೆಯ ಸುಳಿವು ಸಿಕ್ಕ ಸ್ಥಳ’ ಎಂದರೆ ಹೇಗೆ?

ಬೆಂಗಳೂರಿನಿಂದ:

ನಾನು ‘ಕೊನೆಗೆ ಸಂಪರ್ಕದಲ್ಲಿದ್ದ ಸ್ಥಳ’ ಎಂದು ಸೂಚಿಸಬೇಕೆಂದಿದ್ದೆ. ತಮ್ಮದೇ ಮೇಲು. ಕೆಲವು ಹೊಸ ಬಡ್‌ಗಳು ದಾರಿಹೋಕರ ಫೋನುಗಳ ಮೂಲಕವೂ ತಮ್ಮ ಇರವನ್ನು ತಿಳಿಸುತ್ತವೆ. ಅಲ್ಲಿ ನಮ್ಮ ಫೋನಿನ ಸಂಪರ್ಕವೇ ಇರುವುದಿಲ್ಲ, ಆದರೂ ಸುಳಿವು ಸುಳಿವೇ.

ಸದ್ದು ಮಾಡಿಸುವ ಗುಂಡಿಗೂ ‘ಹುಡುಕಿ’ ಎನ್ನದೆ ‘ಸದ್ದು ಮಾಡಿಸಿ’ ಎಂದೇ ಬರೆಯಿರಿ. ಬಡ್ ಡಬ್ಬಿಯ ಹೊರಗಿದ್ದು, ಅದರಲ್ಲಿ ಚಾರ್ಜ್ ಇದ್ದು, ಫೋನಿನಿಂದ ಹತ್ತು ಮೀಟರಿನ ಆಸುಪಾಸಿನಲ್ಲಿದ್ದರೆ ಮಾತ್ರ ಹೆಚ್ಚಿನ ಮಾದರಿಗಳಲ್ಲಿ ಅದು ಸದ್ದು ಮಾಡೀತು. ಗೋಡೆಗಳಿದ್ದರೆ ಆ ದೂರ ಇನ್ನೂ ಕಡಿಮೆ. ಫ್ಯಾನ್ ನಿಲ್ಲಿಸಿ, ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದು, ಆ್ಯಪ್‌ನಲ್ಲಿ ಸಂಪರ್ಕ ಮರಳಿದ ಕೂಡಲೇ ಅಲ್ಲೇ ನಿಂತು ಒತ್ತಬೇಕು. ಹೊರಗೆ ಬಿದ್ದ ಬಡ್‌ನ ಚಾರ್ಜ್ ಕೆಲವು ಗಂಟೆಗಳಲ್ಲಿ ಮುಗಿಯುವುದರಿಂದ ನಾಳೆ ನೋಡೋಣ ಎನ್ನುವಂತಿಲ್ಲ. ಇನ್ನೊಂದು ಬಡ್ ಕಿವಿಯಲ್ಲಿರುವಾಗ ಖಂಡಿತ ಒತ್ತಬಾರದು.

ಹಾಸನದಿಂದ:

ಆ್ಯಪ್ ಒಳಗಿನಿಂದ ನವೀಕರಿಸಿದೆ, ಹದಿನೈದು ನಿಮಿಷ ಹಿಡಿಯಿತು. ಸಂಖ್ಯೆ ಎರಡರಲ್ಲೂ ಒಂದೇ ಬಂದಿದೆ. ಎಡಗಿವಿಯದು ಇನ್ನೂ ನಡುನಡುವೆ ನಿಲ್ಲುತ್ತದೆ, ಮೊದಲಿಗಿಂತ ಕಡಿಮೆ ಎನ್ನಬಹುದೇನೋ.

ಶಿವಮೊಗ್ಗದಿಂದ:

ಎಲ್ಲರಿಗೂ ಕೃತಜ್ಞತೆಗಳು. ‘ಬಡ್‌ನ ಒಳಗಿನ ತಂತ್ರಾಂಶದ ನವೀಕರಣ’ ಎಂದು ಬರೆದು, ಪ್ಲೇ ಸ್ಟೋರ್‌ನ ನವೀಕರಣ ಬೇರೆ ಎಂಬ ಸಾಲನ್ನು ಅದರ ಕೆಳಗೇ ಸೇರಿಸುತ್ತಿದ್ದೇನೆ. ಬಾಸ್, ಟ್ರೆಬಲ್, ಈಕ್ವಲೈಜರ್ ಹಾಗೆಯೇ ಉಳಿಯುತ್ತವೆ. ನಕ್ಷೆಗೆ ‘ಕೊನೆಯ ಸುಳಿವು ಸಿಕ್ಕ ಸ್ಥಳ’, ಗುಂಡಿಗೆ ‘ಸದ್ದು ಮಾಡಿಸಿ’. ಪ್ರೀಸೆಟ್‌ಗೆ ‘ಸಿದ್ಧ ಹೊಂದಿಕೆ’ ಎಂದು ಬರೆದು ಅಂಗಡಿಯವರಿಗೆ ತೋರಿಸಿದೆ. ಅವರು ಅದನ್ನು ಸಿದ್ಧ ಉಡುಪಿನಂಥದೇನೋ ಎಂದುಕೊಂಡರು. ಅದಕ್ಕೆ ಯಾರಿಗಾದರೂ ಬೇರೆ ಪದ ಹೊಳೆದರೆ, ಅಚ್ಚಿಗೆ ಹೋಗುವ ಸೋಮವಾರದೊಳಗೆ ತಿಳಿಸಬೇಕಾಗಿ ಕೋರಿಕೆ.